34 ಚುಕ್ಕಿ, 78 ಗೆರೆ: ಒಂದು ಸಂಘ ಒಡೆದ ಬಗೆ

ಸಂಘವೊಂದು ಇಬ್ಭಾಗವಾದಾಗ ಜನ ಕಾರಣ ಹುಡುಕುವುದು ಜಗಳದಲ್ಲಿ. ಅಧ್ಯಕ್ಷರು ಹೀಗೆಂದರು, ಕಾರ್ಯದರ್ಶಿ ಹಾಗೆಂದರು, ಲೆಕ್ಕಪತ್ರದಲ್ಲಿ ತಕರಾರು ಬಂತು, ಹೀಗೆ. ಜಗಳ ಯಾಕೆ ಹುಟ್ಟಿತು ಎಂಬುದಕ್ಕೆ ಅದು ಉತ್ತರ ಹೌದು. ಆದರೆ ಜಗಳವಾದ ಮೇಲೆ ಯಾರು ಯಾವ ಕಡೆ ಹೋದರು, ಬಿರುಕು ಸರಿಯಾಗಿ ಆ ಜಾಗದಲ್ಲೇ ಯಾಕೆ ಬಿತ್ತು ಎಂಬುದಕ್ಕೆ ಉತ್ತರ ಬೇರೆ ಕಡೆ ಇರುತ್ತದೆ. ಸಭೆ ಮುಗಿದ ಮೇಲೆ ಯಾರು ಯಾರ ಜೊತೆ ಕಾಫಿ ಕುಡಿಯಲು ಹೋಗುತ್ತಿದ್ದರು ಎಂಬಲ್ಲಿ ಅದು ಅಡಗಿರುತ್ತದೆ. ಇದನ್ನು ಬಲು ಸ್ಪಷ್ಟವಾಗಿ ತೋರಿಸಿಕೊಟ್ಟದ್ದು ಅಮೆರಿಕದ ಒಂದು ಪುಟ್ಟ ಕರಾಟೆ ಸಂಘ. ಸಾಮಾಜಿಕ ಜಾಲಗಳನ್ನು ಅಧ್ಯಯನ ಮಾಡುವವರು ಇವತ್ತಿಗೂ ಮೊದಲ ಪಾಠವನ್ನು ಅಲ್ಲಿಂದಲೇ ಶುರುಮಾಡುತ್ತಾರೆ.

ಶುಲ್ಕದ ಜಗಳ

ವೇಯ್ನ್ ಝಕಾರಿ ಎಂಬ ಮಾನವಶಾಸ್ತ್ರಜ್ಞರು 1970ರಿಂದ 1972ರವರೆಗೆ ವಿಶ್ವವಿದ್ಯಾಲಯವೊಂದರ ಕರಾಟೆ ಸಂಘವನ್ನು ಹತ್ತಿರದಿಂದ ಗಮನಿಸುತ್ತಿದ್ದರು. ಸಂಘದಲ್ಲಿ ಆಯಾ ಕಾಲಕ್ಕೆ 50ರಿಂದ 100 ಸದಸ್ಯರು ಇರುತ್ತಿದ್ದರು. ಕರಾಟೆ ಕಲಿಸಲು ಒಬ್ಬ ಶಿಕ್ಷಕ, ಆಡಳಿತ ನೋಡಿಕೊಳ್ಳಲು ಒಬ್ಬ ಅಧ್ಯಕ್ಷ. ಝಕಾರಿ ತಮ್ಮ ಬರಹದಲ್ಲಿ ಇಬ್ಬರ ನಿಜವಾದ ಹೆಸರನ್ನೂ ಹೇಳಲಿಲ್ಲ. ಶಿಕ್ಷಕನನ್ನು ‘ಮಿಸ್ಟರ್ ಹೈ’ ಎಂದೂ ಅಧ್ಯಕ್ಷನನ್ನು ‘ಜಾನ್ ಎ’ ಎಂದೂ ಕರೆದರು.

ಜಗಳ ಶುರುವಾದದ್ದು ಪಾಠದ ಶುಲ್ಕದಿಂದ. ಶುಲ್ಕ ಹೆಚ್ಚಿಸಬೇಕು, ಅದನ್ನು ತೀರ್ಮಾನಿಸುವ ಹಕ್ಕು ಕಲಿಸುವವನಾದ ತನ್ನದು ಎಂದು ಶಿಕ್ಷಕನ ವಾದ. ಶುಲ್ಕ ಇದ್ದಂತೆಯೇ ಇರಲಿ ಎಂದು ಅಧ್ಯಕ್ಷನ ಪಟ್ಟು. ತಿಂಗಳುಗಳು ಕಳೆದಂತೆ ಇದು ಹಣದ ಮಾತಾಗಿ ಉಳಿಯಲಿಲ್ಲ. ಒಂದು ಕಡೆಯವರು ಶಿಕ್ಷಕನನ್ನು ತಂದೆಯಂತೆ, ಗುರುವಿನಂತೆ ಕಂಡರು. ಇನ್ನೊಂದು ಕಡೆಯವರಿಗೆ ಅವನು ಸಂಬಳ ಹೆಚ್ಚು ಮಾಡಿಸಿಕೊಳ್ಳಲು ಒತ್ತಡ ಹಾಕುತ್ತಿರುವ ಕೆಲಸಗಾರನಾಗಿ ಕಂಡ. ಕೊನೆಗೆ ಪದಾಧಿಕಾರಿಗಳು ಶಿಕ್ಷಕನನ್ನು ಕೆಲಸದಿಂದ ತೆಗೆದರು. ಅವನ ಬೆಂಬಲಿಗರು ರಾಜೀನಾಮೆ ಕೊಟ್ಟು ಹೊರಬಂದು, ಅವನ ನೇತೃತ್ವದಲ್ಲೇ ಹೊಸ ಸಂಘ ಕಟ್ಟಿದರು.

ಇಂಥ ಕಥೆ ನಮ್ಮ ಯಾವ ಊರಿನ ಸಂಘದಲ್ಲಾದರೂ ನಡೆಯಬಹುದು. ಝಕಾರಿ ಮಾಡಿದ ವಿಶೇಷ ಕೆಲಸವೆಂದರೆ, ಸದಸ್ಯರ ಒಡನಾಟದ ನಕ್ಷೆ ಬರೆದು, ಒಡಕು ಎಲ್ಲಿ ಬೀಳಬೇಕಿತ್ತು ಎಂದು ಅದರಿಂದಲೇ ಲೆಕ್ಕಹಾಕಿದ್ದು. ಅವರ ಲೇಖನ 1977ರಲ್ಲಿ ಪ್ರಕಟವಾಯಿತು.

ನಕ್ಷೆ ಬರೆಯುವುದು ಹೇಗೆ

ಒಬ್ಬ ಸದಸ್ಯನಿಗೆ ಒಂದು ಚುಕ್ಕಿ. ಇಬ್ಬರ ನಡುವೆ ಒಡನಾಟ ಇದ್ದರೆ ಆ ಎರಡು ಚುಕ್ಕಿಗಳ ನಡುವೆ ಒಂದು ಗೆರೆ. ನಕ್ಷೆ ಎಂದರೆ ಇಷ್ಟೇ. ಚುಕ್ಕಿ ಕಾಗದದ ಯಾವ ಮೂಲೆಯಲ್ಲಿದೆ, ಗೆರೆ ಎಷ್ಟು ಉದ್ದವಿದೆ ಎಂಬುದಕ್ಕೆ ಅರ್ಥವಿಲ್ಲ. ಯಾವುದಕ್ಕೆ ಯಾವುದು ಸೇರಿದೆ ಎಂಬುದಷ್ಟೇ ಮುಖ್ಯ.

ಕಷ್ಟ ಇರುವುದು ಒಡನಾಟ ಎಂದರೆ ಏನು ಎಂದು ಗೊತ್ತುಮಾಡಿಕೊಳ್ಳುವುದರಲ್ಲಿ. ಒಂದೇ ಸಂಘದವರು ಎಂದ ಮೇಲೆ ಎಲ್ಲರಿಗೂ ಎಲ್ಲರ ಮುಖಪರಿಚಯ ಇರುತ್ತದೆ. ಅದನ್ನೇ ಲೆಕ್ಕಕ್ಕೆ ತೆಗೆದುಕೊಂಡರೆ ಎಲ್ಲ ಚುಕ್ಕಿಗಳ ನಡುವೆಯೂ ಗೆರೆ ಬಿದ್ದು ಕಾಗದ ಕಪ್ಪಾಗುತ್ತದೆ, ತಿಳಿಯುವುದು ಏನೂ ಇಲ್ಲ. ಆದ್ದರಿಂದ ಝಕಾರಿ ಕರಾಟೆ ತರಗತಿ ಮತ್ತು ಸಂಘದ ಸಭೆಗಳ ಆಚೆಗೂ ಯಾರು ಯಾರು ಸೇರುತ್ತಿದ್ದರು ಎಂದು ನೋಡಿದರು. ಕಾಲೇಜಿನ ಪಾಠದಲ್ಲಿ ಜೊತೆಗಿರುವುದು, ಕ್ಯಾಂಪಸ್ಸಿನ ಪಕ್ಕದ ಬಾರಿನಲ್ಲಿ ಕೂರುವುದು, ಶಿಕ್ಷಕನ ಖಾಸಗಿ ಕರಾಟೆ ಶಾಲೆಗೆ ಒಟ್ಟಿಗೆ ಹೋಗುವುದು, ಪಂದ್ಯಾವಳಿಗಳಿಗೆ ಜೊತೆಯಾಗಿ ಹೊರಡುವುದು, ಇಂಥ ಎಂಟು ಸಂದರ್ಭಗಳನ್ನು ಪಟ್ಟಿಮಾಡಿದರು. ಇವುಗಳಲ್ಲಿ ಒಂದರಲ್ಲಾದರೂ ಇಬ್ಬರು ಜೊತೆಯಾಗಿದ್ದರೆ ಗೆರೆ ಎಳೆದರು. ಎಷ್ಟು ಸಂದರ್ಭಗಳಲ್ಲಿ ಜೊತೆಗಿದ್ದರೋ ಗೆರೆಗೆ ಅಷ್ಟು ತೂಕ ಕೊಟ್ಟರು.

ಹೀಗೆ ನಕ್ಷೆಯಲ್ಲಿ ಉಳಿದವರು 34 ಮಂದಿ. ಸಂಘದ ಆಚೆ ಯಾರೊಡನೆಯೂ ಬೆರೆಯದವರು ನಕ್ಷೆಗೆ ಬರಲಿಲ್ಲ. 34 ಜನರ ನಡುವೆ ಎಳೆಯಬಹುದಾದ ಗೆರೆಗಳು 561. ನಿಜವಾಗಿ ಬಿದ್ದದ್ದು 78. ಝಕಾರಿ ಸದಸ್ಯರಿಗೆ ಹೆಸರಿನ ಬದಲು ಸಂಖ್ಯೆ ಕೊಟ್ಟರು. ಶಿಕ್ಷಕ 1, ಅಧ್ಯಕ್ಷ 34.

ಹೆಚ್ಚು ಗೆರೆಯವರು, ನಡುವೆ ನಿಂತವರು

ನಕ್ಷೆ ಕೈಯಲ್ಲಿದ್ದರೆ ಮೊದಲು ಮಾಡುವ ಕೆಲಸ, ಪ್ರತಿ ಚುಕ್ಕಿಗೂ ಎಷ್ಟು ಗೆರೆ ಬಂದು ಸೇರಿದೆ ಎಂದು ಎಣಿಸುವುದು. ಅಧ್ಯಕ್ಷನಿಗೆ 17, ಶಿಕ್ಷಕನಿಗೆ 16. ಆಮೇಲೆ 33ನೇ ಸದಸ್ಯನಿಗೆ 12, 3ನೆಯವನಿಗೆ 10, 2ನೆಯವನಿಗೆ 9. ಬಹಳಷ್ಟು ಜನರಿಗೆ ಇರುವುದು ಎರಡು, ಮೂರು, ನಾಲ್ಕು ಗೆರೆ ಮಾತ್ರ. ಹೀಗೆ ಗೆರೆಗಳು ಬಂದು ಮುತ್ತಿಕೊಂಡಿರುವ ಚುಕ್ಕಿಯನ್ನು ಹಬ್ ಎನ್ನುತ್ತಾರೆ. ಕನ್ನಡದಲ್ಲಿ ಕೇಂದ್ರ ಎನ್ನೋಣ. ಈ ಸಂಘಕ್ಕೆ ಕೇಂದ್ರ ಒಂದಲ್ಲ, ಎರಡು. ಆ ಇಬ್ಬರ ನಡುವೆ ನೇರ ಗೆರೆ ಇಲ್ಲವೇ ಇಲ್ಲ. ನಕ್ಷೆ ನೋಡಿದವರಿಗೆ ಇದೇ ಮೊದಲ ಎಚ್ಚರಿಕೆ.

ಆದರೆ ಗೆರೆಗಳ ಎಣಿಕೆಯಿಂದ ಎಲ್ಲವೂ ತಿಳಿಯುವುದಿಲ್ಲ. 8ನೇ ಸದಸ್ಯನನ್ನೂ 20ನೇ ಸದಸ್ಯನನ್ನೂ ಹೋಲಿಸಿ ನೋಡಿ. 8ನೆಯವನಿಗೆ ನಾಲ್ವರು ಗೆಳೆಯರು: 1, 2, 3 ಮತ್ತು 4. ಆ ನಾಲ್ವರೂ ತಮ್ಮತಮ್ಮಲ್ಲೂ ಗೆಳೆಯರೇ. ಅವರಲ್ಲಿ ಒಬ್ಬರಿಂದ ಒಬ್ಬರಿಗೆ ಸುದ್ದಿ ಹೋಗಲು 8ನೆಯವನ ಅಗತ್ಯವೇ ಇಲ್ಲ. 20ನೆಯವನಿಗೆ ಇರುವುದು ಮೂವರೇ ಗೆಳೆಯರು: 1, 2 ಮತ್ತು 34. ಅಂದರೆ ಒಂದು ಕೈ ಶಿಕ್ಷಕನ ಕಡೆ, ಇನ್ನೊಂದು ಕೈ ಅಧ್ಯಕ್ಷನ ಕಡೆ. ಶಿಕ್ಷಕನಿಗೂ ಅಧ್ಯಕ್ಷನಿಗೂ ಸಮಾನವಾಗಿ ಪರಿಚಿತರಾದವರು ಇಡೀ ನಕ್ಷೆಯಲ್ಲಿ ನಾಲ್ವರೇ, 9, 14, 20 ಮತ್ತು 32. ಒಬ್ಬನ ಮಾತು ಇನ್ನೊಬ್ಬನಿಗೆ ಎರಡೇ ಹೆಜ್ಜೆಯಲ್ಲಿ ಮುಟ್ಟಬೇಕಾದರೆ ಈ ನಾಲ್ವರಲ್ಲಿ ಒಬ್ಬರ ಮೂಲಕವೇ ಹೋಗಬೇಕು. ಇಂಥವರೇ ಕೊಂಡಿಗಳು.

ಕೊಂಡಿಯ ಬೆಲೆಯನ್ನು ಅಳೆಯಲು ಒಂದು ವಿಧಾನವಿದೆ. ಸಮಾಜವಿಜ್ಞಾನಿ ಲಿಂಟನ್ ಫ್ರೀಮನ್ ಅದಕ್ಕೆ ಖಚಿತವಾದ ರೂಪ ಕೊಟ್ಟದ್ದು ಕೂಡ 1977ರಲ್ಲೇ. ಸಂಘದ ಪ್ರತಿಯೊಂದು ಜೋಡಿಯನ್ನೂ ತೆಗೆದುಕೊಳ್ಳಿ. ಆ ಇಬ್ಬರ ನಡುವಿನ ಅತಿ ಹತ್ತಿರದ ದಾರಿ ಹುಡುಕಿ. ಆ ದಾರಿಯಲ್ಲಿ ನಡುವೆ ಸಿಗುವವರಿಗೆ ಅಂಕ ಕೊಡಿ. ಒಂದಕ್ಕಿಂತ ಹೆಚ್ಚು ದಾರಿಗಳಿದ್ದರೆ ಅಂಕವನ್ನು ಹಂಚಿ. ಶಿಕ್ಷಕ ಮತ್ತು ಅಧ್ಯಕ್ಷನ ಜೋಡಿಗೆ ನಾಲ್ಕು ದಾರಿಗಳಿರುವುದರಿಂದ ಆ ನಾಲ್ವರಿಗೂ ತಲಾ ಕಾಲು ಅಂಕ. ಹೀಗೆ ಎಲ್ಲ ಜೋಡಿಗಳ ಅಂಕವನ್ನೂ ಕೂಡಿದರೆ ಒಬ್ಬೊಬ್ಬರು ಎಷ್ಟು ಜನರ ನಡುವೆ ನಿಂತಿದ್ದಾರೆ ಎಂಬುದು ಗೊತ್ತಾಗುತ್ತದೆ.

ಈ ಲೆಕ್ಕದಲ್ಲಿ 8ನೆಯವನಿಗೆ ಸಿಗುವುದು ಸೊನ್ನೆ. ಮೂರೇ ಗೆರೆಯ 20ನೆಯವನು ಆರು ಗೆರೆಯ 4ನೆಯವನಿಗಿಂತ ಮೇಲೆ ಬರುತ್ತಾನೆ. ಆರೇ ಗೆರೆ ಇರುವ 32ನೆಯವನು ಐದನೇ ಸ್ಥಾನಕ್ಕೆ ಏರುತ್ತಾನೆ, ಒಂಬತ್ತು ಗೆರೆಯ 2ನೆಯವನು ಅವನಿಗಿಂತ ಕೆಳಗೆ ಉಳಿಯುತ್ತಾನೆ. ಮೊದಲ ಸ್ಥಾನವೂ ಬದಲಾಗುತ್ತದೆ. ಗೆರೆಗಳ ಎಣಿಕೆಯಲ್ಲಿ ಅಧ್ಯಕ್ಷ ಮುಂದಿದ್ದ, ಇಲ್ಲಿ ಶಿಕ್ಷಕ ಮುಂದಾಗುತ್ತಾನೆ. ಅದಕ್ಕೆ ಕಾರಣ ನಕ್ಷೆಯ ಒಂದು ಮೂಲೆಯಲ್ಲಿದೆ. 5, 6, 7, 11 ಮತ್ತು 17 ಎಂಬ ಐವರು ತಮ್ಮತಮ್ಮಲ್ಲೇ ಬೆಸೆದುಕೊಂಡಿದ್ದಾರೆ. ಈ ಐವರಿಗೂ ಉಳಿದ ಸಂಘಕ್ಕೂ ಇರುವ ದಾರಿ ಶಿಕ್ಷಕನೊಬ್ಬನೇ. ಅವನ ಚುಕ್ಕಿ ಅಳಿಸಿದರೆ ಈ ಐವರು ಬೇರೆಯಾಗಿ ಬಿಡುತ್ತಾರೆ, ಅವನೊಬ್ಬನನ್ನೇ ಬಲ್ಲ 12ನೆಯವನು ಒಂಟಿಯಾಗುತ್ತಾನೆ. ಅಧ್ಯಕ್ಷನಿಗೆ ಗೆಳೆಯರು ಹೆಚ್ಚಿದ್ದರೂ ಅವನನ್ನೇ ನಂಬಿಕೊಂಡ ಇಂಥ ಮೂಲೆ ಇರಲಿಲ್ಲ.

ಬಿರುಕಿನ ಗೆರೆ

ಇನ್ನು ಗುಂಪುಗಳು. ಒಳಗೆ ಗೆರೆಗಳು ದಟ್ಟವಾಗಿದ್ದು ಹೊರಕ್ಕೆ ವಿರಳವಾಗಿದ್ದರೆ ಅದು ಗುಂಪು. ಗುಂಪನ್ನು ಗುರುತಿಸುವುದೆಂದರೆ ಎಲ್ಲಿ ಕತ್ತರಿಸಿದರೆ ಕಡಿಮೆ ಗೆರೆಗಳು ತುಂಡಾಗುತ್ತವೆ ಎಂದು ಹುಡುಕುವುದೇ.

ಝಕಾರಿ ಇದಕ್ಕೆ ಬಳಸಿದ್ದು 1956ರಲ್ಲಿ ಫೋರ್ಡ್ ಮತ್ತು ಫಲ್ಕರ್ಸನ್ ಎಂಬ ಗಣಿತಜ್ಞರು ಕೊಟ್ಟ ವಿಧಾನವನ್ನು. ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಪೈಪುಗಳ ಜಾಲದಲ್ಲಿ ಹೆಚ್ಚೆಂದರೆ ಎಷ್ಟು ನೀರು ಹರಿಯಬಹುದು ಎಂದು ಕೇಳಿದರೆ, ಜಾಲದಲ್ಲಿ ಅತ್ಯಂತ ಇಕ್ಕಟ್ಟಾದ ಜಾಗ ಎಷ್ಟನ್ನು ಬಿಡುತ್ತದೋ ಅಷ್ಟು ಎಂಬುದು ಅವರ ಉತ್ತರ. ಸಂಘದಲ್ಲಿ ಹರಿಯುತ್ತಿದ್ದದ್ದು ಸುದ್ದಿ. ಈ ಸಂಘದಲ್ಲಿ ತೀರ್ಮಾನಗಳು ಸಭೆಯಲ್ಲಿ ಆಗುತ್ತಿದ್ದವು, ಸಭೆಗೆ ಯಾರ ಕಡೆಯವರು ಹೆಚ್ಚು ಬಂದರೋ ಅವರ ಮಾತು ನಡೆಯುತ್ತಿತ್ತು. ಆದ್ದರಿಂದ ಇಂಥ ದಿನ ಸಭೆ ಇದೆ ಎಂಬ ಸುದ್ದಿ ಯಾರಿಗೆ ಮುಟ್ಟುತ್ತದೆ ಎಂಬುದೇ ಬಲವಾಗಿತ್ತು. ಜನ ತಮ್ಮ ಕಡೆಯವರಿಗೆ ಹೇಳಿದರು, ಆ ಕಡೆಯವರಿಗೆ ಹೇಳಲಿಲ್ಲ. ಸುದ್ದಿ ಬಾರದವರು ಇನ್ನಷ್ಟು ದೂರವಾದರು. ಶಿಕ್ಷಕನಿಂದ ಅಧ್ಯಕ್ಷನ ಕಡೆಗೆ ಸುದ್ದಿ ಹರಿಯುವಾಗ ಇಕ್ಕಟ್ಟಾಗುವ ಜಾಗ ಯಾವುದೋ ಅಲ್ಲಿಯೇ ಸಂಘ ಒಡೆಯಬೇಕು ಎಂಬುದು ಝಕಾರಿಯವರ ತರ್ಕ.

ಲೆಕ್ಕಹಾಕಿ ಬಂದ ಬಿರುಕಿನ ಗೆರೆ 78ರಲ್ಲಿ 10 ಗೆರೆಗಳನ್ನು ಮಾತ್ರ ಕತ್ತರಿಸಿತು. ಮಿಕ್ಕ 68 ಆಯಾ ಪಕ್ಕದ ಒಳಗೇ ಉಳಿದವು. ಆ ಗೆರೆ ಹೇಳಿದ ಪ್ರಕಾರವೇ 34 ಜನರಲ್ಲಿ 33 ಮಂದಿ ಆಯಾ ಸಂಘ ಸೇರಿದರು. ತಪ್ಪಿದ್ದು ಒಬ್ಬನ ವಿಷಯದಲ್ಲಿ ಮಾತ್ರ.

ತಪ್ಪಿದ ಒಬ್ಬ

ಆ ಒಬ್ಬ 9ನೇ ಸದಸ್ಯ. ಅವನ ಐದು ಗೆರೆಗಳಲ್ಲಿ ಮೂರು ಅಧ್ಯಕ್ಷನ ಕಡೆಗೆ, ಎರಡು ಶಿಕ್ಷಕನ ಕಡೆಗೆ. ಅವನ ಒಲವು ಕೂಡ ಸ್ವಲ್ಪ ಅಧ್ಯಕ್ಷನ ಕಡೆಗೇ ಇತ್ತು. ಆದರೂ ಅವನು ಶಿಕ್ಷಕನ ಹೊಸ ಸಂಘ ಸೇರಿದ. ಕಾರಣ ಕೇಳಿದರೆ ಯಾರಿಗಾದರೂ ಅರ್ಥವಾಗುತ್ತದೆ. ಅವನು ನಾಲ್ಕು ವರ್ಷ ಕಲಿತು, ಬ್ಲ್ಯಾಕ್ ಬೆಲ್ಟ್ ಪರೀಕ್ಷೆಗೆ ಮೂರೇ ವಾರ ಉಳಿದಿತ್ತು. ಅಧ್ಯಕ್ಷನ ಸಂಘ ಬೇರೆ ಶೈಲಿಯ ಕರಾಟೆಗೆ ಬದಲಾಗುವುದಿತ್ತು. ಅಲ್ಲಿಗೆ ಹೋದರೆ ಬಿಳಿ ಬೆಲ್ಟಿನಿಂದ ಮತ್ತೆ ಶುರುಮಾಡಬೇಕಿತ್ತು. ಹೀಗಾಗಿ ಎರಡೂ ಕಡೆ 17, 17 ಮಂದಿಯಾದರು.

ನಕ್ಷೆಯ ಮೊದಲ ಮಿತಿ ಇಲ್ಲಿ ಕಾಣುತ್ತದೆ. ಯಾರಿಗೆ ಯಾರ ಒಡನಾಟ ಇದೆ ಎಂದು ಗೆರೆ ಹೇಳುತ್ತದೆ. ಒಬ್ಬ ಮನುಷ್ಯನಿಗೆ ಯಾವುದನ್ನು ಕಳೆದುಕೊಳ್ಳುವುದು ಕಷ್ಟ ಎಂಬುದನ್ನು ಹೇಳುವುದಿಲ್ಲ. ಅದರಲ್ಲೂ ನಡುವೆ ನಿಂತ ಕೊಂಡಿಗಳ ವಿಷಯದಲ್ಲಿ ನಕ್ಷೆಯ ಊಹೆ ಹೆಚ್ಚು ತಪ್ಪುತ್ತದೆ, ಯಾಕೆಂದರೆ ಎರಡೂ ಕಡೆಯ ಎಳೆತ ಅಲ್ಲಿ ಹೆಚ್ಚುಕಡಿಮೆ ಸಮ.

ಎರಡನೆಯ ಮಿತಿ ಗೆರೆಗಳ ತೂಕದ್ದು. 2002ರಲ್ಲಿ ಮಿಶೆಲ್ ಗಿರ್ವನ್ ಮತ್ತು ಮಾರ್ಕ್ ನ್ಯೂಮನ್ ಎಂಬ ಭೌತವಿಜ್ಞಾನಿಗಳು ಗುಂಪುಗಳನ್ನು ಹುಡುಕುವ ಹೊಸ ವಿಧಾನವೊಂದನ್ನು ಇದೇ ಸಂಘದ ಮೇಲೆ ಪರೀಕ್ಷಿಸಿದರು. ತೂಕ ಬಿಟ್ಟು, ಗೆರೆ ಇದೆಯೋ ಇಲ್ಲವೋ ಎಂದಷ್ಟೇ ನೋಡಿದರು. ಆಗಲೂ ಒಬ್ಬನ ವಿಷಯದಲ್ಲಿ ಮಾತ್ರ ತಪ್ಪಾಯಿತು, ಆದರೆ ಈ ಸಲ 3ನೇ ಸದಸ್ಯನ ವಿಷಯದಲ್ಲಿ. ಅವನ ಹತ್ತು ಗೆರೆಗಳು ಎರಡೂ ಕಡೆಗೆ ಚಾಚಿಕೊಂಡಿವೆ. ತೂಕ ನೋಡಿದರೆ ಗೊಂದಲವೇ ಇಲ್ಲ. 1 ಮತ್ತು 2ನೆಯವರ ಜೊತೆ ಅವನು ಐದು, ಆರು ಸಂದರ್ಭಗಳಲ್ಲಿ ಸೇರುತ್ತಿದ್ದ. ಅಧ್ಯಕ್ಷನ ಸಂಘಕ್ಕೆ ಹೋದ ನಾಲ್ವರು ಗೆಳೆಯರ ಜೊತೆ ಒಂದೋ ಎರಡೋ ಸಂದರ್ಭ ಮಾತ್ರ. ಮುಖ ನೋಡಿ ನಕ್ಕವನನ್ನೂ ದಿನಾ ಮನೆಗೆ ಬಂದು ಹೋಗುವವನನ್ನೂ ಒಂದೇ ಗೆರೆಯಲ್ಲಿ ತೋರಿಸಿದರೆ ನಕ್ಷೆ ಹೀಗೆ ದಾರಿ ತಪ್ಪಿಸುತ್ತದೆ.

ಕರ್ನಾಟಕದ ಹಳ್ಳಿಗಳಲ್ಲಿ

ಇದೇ ಬಗೆಯ ನಕ್ಷೆಯನ್ನು ಬಹಳ ದೊಡ್ಡ ಪ್ರಮಾಣದಲ್ಲಿ ಬರೆದದ್ದು ನಮ್ಮ ನಾಡಿನಲ್ಲೇ. ಅಭಿಜಿತ್ ಬ್ಯಾನರ್ಜಿ, ಅರುಣ್ ಚಂದ್ರಶೇಖರ್, ಎಸ್ತರ್ ಡುಫ್ಲೊ ಮತ್ತು ಮ್ಯಾಥ್ಯೂ ಜಾಕ್ಸನ್ ಎಂಬ ಅರ್ಥಶಾಸ್ತ್ರಜ್ಞರ ತಂಡ 2006ರಲ್ಲಿ ಕರ್ನಾಟಕದ 75 ಹಳ್ಳಿಗಳಲ್ಲಿ ಮಾಹಿತಿ ಸಂಗ್ರಹಿಸಿತು. ಯಾರ ಮನೆಗೆ ಹೋಗಿಬರುತ್ತೀರಿ, ಅಕ್ಕಿ ಅಥವಾ ಸೀಮೆಎಣ್ಣೆ ಬೇಕಾದರೆ ಯಾರನ್ನು ಕೇಳುತ್ತೀರಿ, ಕೈಸಾಲ ಯಾರಲ್ಲಿ ಮಾಡುತ್ತೀರಿ, ದೇವಸ್ಥಾನಕ್ಕೆ ಯಾರ ಜೊತೆ ಹೋಗುತ್ತೀರಿ, ಸಲಹೆ ಯಾರಲ್ಲಿ ಕೇಳುತ್ತೀರಿ ಎಂಬಂಥ ಪ್ರಶ್ನೆಗಳು ಅದರಲ್ಲಿದ್ದವು. ನಮ್ಮ ಊರಿನ ಒಡನಾಟಕ್ಕೆ ಸರಿಯಾಗಿ ಹೊಂದುವ ಪ್ರಶ್ನೆಗಳಿವು.

ಆಮೇಲೆ ಈ ಪೈಕಿ 43 ಹಳ್ಳಿಗಳಿಗೆ ಕಿರುಸಾಲದ ಸಂಸ್ಥೆಯೊಂದು ಬಂತು. ಅದು ಪ್ರತಿ ಊರಿನಲ್ಲೂ ಶಾಲಾ ಶಿಕ್ಷಕರು, ಅಂಗಡಿಯವರು, ಉಳಿತಾಯ ಗುಂಪಿನ ಮುಖ್ಯಸ್ಥರು ಮುಂತಾದವರಿಗೆ ಮೊದಲು ಸುದ್ದಿ ಹೇಳಿ, ಉಳಿದವರಿಗೆ ತಿಳಿಸಿ ಎಂದು ಕೇಳಿಕೊಂಡಿತು. ಸುದ್ದಿ ಮೊದಲು ಕೇಳಿದವರು ಜಾಲದಲ್ಲಿ ಒಳ್ಳೆಯ ಜಾಗದಲ್ಲಿದ್ದ ಊರುಗಳಲ್ಲಿ ಹೆಚ್ಚು ಮನೆಗಳು ಸಾಲದ ಯೋಜನೆಗೆ ಸೇರಿದವು. ಒಳ್ಳೆಯ ಜಾಗ ಎಂದರೆ ತನಗೆ ಬಳಕೆಯವರು ಹೆಚ್ಚಿರುವುದಷ್ಟೇ ಅಲ್ಲ, ಆ ಬಳಕೆಯವರಿಗೂ ಬಳಕೆಯವರು ಹೆಚ್ಚಿರಬೇಕು. ಊರಿನಲ್ಲಿ ಸ್ಥಾನಮಾನ ಇರುವುದೂ ಸುದ್ದಿ ಹಬ್ಬುವ ಜಾಗದಲ್ಲಿ ನಿಂತಿರುವುದೂ ಬೇರೆಬೇರೆ.

ಊರೂರಿಗೂ ಇಂಥ ನಕ್ಷೆ ಬರೆಯುವುದು ದುಬಾರಿ ಕೆಲಸ. ಹಾಗಾದರೆ ಊರಿನವರನ್ನೇ ಕೇಳಿದರೆ ಹೇಗೆ ಎಂದು ಅದೇ ತಂಡ ಮುಂದೆ ನೋಡಿತು. ಯಾರಿಗೆ ಹೇಳಿದರೆ ಊರಿಗೆಲ್ಲ ಸುದ್ದಿ ಮುಟ್ಟುತ್ತದೆ ಎಂದು ಕೇಳಿದಾಗ ಜನ ಹೇಳಿದ ಹೆಸರುಗಳು, ನಕ್ಷೆಯಲ್ಲಿ ನಿಜವಾಗಿ ಒಳ್ಳೆಯ ಜಾಗದಲ್ಲಿದ್ದವರ ಹೆಸರುಗಳೇ ಆಗಿದ್ದವು. 213 ಹಳ್ಳಿಗಳಲ್ಲಿ ನಡೆಸಿದ ಇನ್ನೊಂದು ಪ್ರಯೋಗದಲ್ಲಿ, ಮಿಸ್ಡ್ ಕಾಲ್ ಕೊಟ್ಟರೆ ಬಹುಮಾನ ಗೆಲ್ಲುವ ಅವಕಾಶ ಇದೆ ಎಂಬ ಸುದ್ದಿಯನ್ನು ಪ್ರತಿ ಊರಿನ ಕೆಲವರಿಗೆ ಮಾತ್ರ ತಿಳಿಸಿದರು. ಜನರೇ ಹೀಗೆ ಹೆಸರಿಸಿದವರಿಗೆ ಹೇಳಿದ ಊರುಗಳಿಂದ ಬಂದ ಕರೆಗಳು, ಹಿರಿಯರಿಗೆ ಹೇಳಿದ ಊರುಗಳಿಗಿಂತ ಹೆಚ್ಚಾಗಿದ್ದವು. ಇಡೀ ನಕ್ಷೆ ಯಾರ ತಲೆಯಲ್ಲೂ ಇರುವುದಿಲ್ಲ. ಆದರೆ ಯಾರ ಬಾಯಿಂದ ಹೆಚ್ಚು ಸುದ್ದಿ ಕೇಳಿಬರುತ್ತದೆ ಎಂಬುದು ಎಲ್ಲರ ಕಿವಿಗೂ ಗೊತ್ತು.

ನಿಮ್ಮ ಸಂಘದ ನಕ್ಷೆ ಬರೆಯುವುದಾದರೆ

ಮೂವತ್ತು ನಲವತ್ತು ಜನರ ಮಹಿಳಾ ಮಂಡಳವೋ ಬಡಾವಣೆಯ ಸಂಘವೋ ಆದರೆ ಒಂದು ದೊಡ್ಡ ಹಾಳೆ, ಪೆನ್ಸಿಲು ಸಾಕು. ‘ನಿಮ್ಮ ಗೆಳೆಯರು ಯಾರು’ ಎಂದು ಕೇಳಬೇಡಿ, ಒಬ್ಬೊಬ್ಬರು ಅದನ್ನು ಒಂದೊಂದು ರೀತಿ ತಿಳಿಯುತ್ತಾರೆ. ‘ಕಳೆದ ಒಂದು ತಿಂಗಳಲ್ಲಿ ಸಂಘದ ಕೆಲಸ ಬಿಟ್ಟು ಬೇರೆ ವಿಷಯಕ್ಕೆ ಯಾರ ಜೊತೆ ಕೂತು ಮಾತನಾಡಿದಿರಿ’ ಎಂದು ನಡೆದ ಸಂಗತಿಯನ್ನೇ ಕೇಳಿ. ನೆನಪಿನಿಂದ ಹೇಳಿ ಎನ್ನುವ ಬದಲು ಸದಸ್ಯರ ಪಟ್ಟಿಯನ್ನೇ ಕೈಗೆ ಕೊಡಿ. ನೆನಪಿಗೆ ಮೊದಲು ಬರುವುದು ಆಪ್ತರ ಹೆಸರು. ದೂರದ ಪರಿಚಯಗಳು ಬಿಟ್ಟುಹೋಗುತ್ತವೆ, ಕೊಂಡಿಗಳು ಇರುವುದೇ ಅಂಥ ಪರಿಚಯಗಳಲ್ಲಿ. ಐದೇ ಹೆಸರು ಬರೆಯಿರಿ ಎಂಬ ಕಟ್ಟುಪಾಡೂ ಬೇಡ, ಅದರಿಂದಲೂ ಇಂಥ ಪರಿಚಯಗಳೇ ಹೊರಗುಳಿಯುತ್ತವೆ.

ಒಬ್ಬರು ಹೆಸರಿಸಿ ಇನ್ನೊಬ್ಬರು ಹೆಸರಿಸದಿದ್ದರೆ ಏನು ಮಾಡಬೇಕೆಂದು ಮೊದಲೇ ಗೊತ್ತುಮಾಡಿಕೊಂಡು, ಎಲ್ಲರಿಗೂ ಅದೇ ನಿಯಮ ಇಡಿ. ಅಂದು ಬಾರದವರನ್ನು ಬಿಡದೆ ಹುಡುಕಿ ಕೇಳಿ. ಕರಾಟೆ ಸಂಘದಲ್ಲಿ 8ನೆಯವನು ಬಿಟ್ಟುಹೋಗಿದ್ದರೆ ಉಳಿದವರ ದಾರಿಗಳು ಒಂದಿಷ್ಟೂ ಬದಲಾಗುತ್ತಿರಲಿಲ್ಲ. 20ನೆಯವನು ಬಿಟ್ಟುಹೋಗಿದ್ದರೆ ಎರಡು ಕೇಂದ್ರಗಳ ನಡುವಿನ ನಾಲ್ಕು ದಾರಿಗಳಲ್ಲಿ ಒಂದು ಮಾಯವಾಗುತ್ತಿತ್ತು. ಯಾರು ಹಾಗೆ ಎಂಬುದು ನಕ್ಷೆ ಮುಗಿಯುವವರೆಗೆ ಗೊತ್ತಾಗದ್ದರಿಂದ ಎಲ್ಲರನ್ನೂ ಕೇಳುವುದೇ ದಾರಿ. ನಕ್ಷೆ ಆ ತಿಂಗಳಿನದು ಎಂಬುದೂ ನೆನಪಿರಲಿ. ಒಂದು ಮದುವೆ, ಒಂದು ವರ್ಗಾವಣೆ ಸಾಕು ಗೆರೆಗಳು ಬದಲಾಗಲು.

ಹಾಳೆಯನ್ನು ಗೋಡೆಗೆ ಅಂಟಿಸಬೇಡಿ. ತನಗೆ ಎರಡೇ ಗೆರೆ ಇದೆ ಎಂದು ಎಲ್ಲರೆದುರು ಕಾಣುವುದು ಯಾರಿಗೂ ಹಿತವಲ್ಲ, ಎರಡೂ ಕಡೆ ಬೇಕಾದವರ ಮೇಲೆ ಅನುಮಾನ ಹುಟ್ಟಲೂ ಅದು ದಾರಿಯಾದೀತು. ಝಕಾರಿ ಮಾಡಿದಂತೆ ಹೆಸರು ಬಿಟ್ಟು ಸಂಖ್ಯೆ ಹಾಕಿ, ಬರೆಯುವ ಮುಂಚೆ ಎಲ್ಲರ ಒಪ್ಪಿಗೆ ಪಡೆಯಿರಿ. ನಕ್ಷೆ ಮುಗಿದ ಮೇಲೆ ಎರಡು ಜಾಗ ನೋಡಿ. ಒಬ್ಬರ ಮೂಲಕ ಮಾತ್ರ ಸಂಘಕ್ಕೆ ಸೇರಿಕೊಂಡ ಮೂಲೆ ಇದೆಯೇ? ಎರಡು ಗುಂಪುಗಳ ನಡುವೆ ಎಷ್ಟು ಗೆರೆಗಳಿವೆ? ಮೂಲೆಯಲ್ಲಿರುವವರಿಗೆ ಇನ್ನೊಬ್ಬರ ಜೊತೆ ಕೆಲಸ ಕೊಡಿ, ಗುಂಪುಗಳ ನಡುವೆ ಗೆರೆ ಕಡಿಮೆ ಇದ್ದರೆ ಮುಂದಿನ ಸಮಿತಿಯಲ್ಲಿ ಎರಡೂ ಕಡೆಯವರನ್ನು ಬೆರೆಸಿ. ಇದನ್ನು ಜಗಳ ಬರುವ ಮೊದಲೇ ಮಾಡಬೇಕು. ಸಭೆಯ ಸುದ್ದಿಯನ್ನು ಒಬ್ಬರು ಇನ್ನೊಬ್ಬರಿಗೆ ಹೇಳದಿರುವ ಹಂತ ತಲುಪಿದ ಮೇಲೆ ಹೊಸ ಗೆರೆ ಎಳೆಯುವುದು ಬಲು ಕಷ್ಟ.